ಫೋಟೋ ಬದಲು ಬಾಯಿಮಾತಿನ ಪ್ಲಾನು

ಭಾವಾ, ಪ್ಲಾನಿನ ಫೋಟೋದಲ್ಲಿ ಒಂದಕ್ಷರವೂ ಓದೋಕಾಗ್ತಿಲ್ಲ ಅಂದ್ರಲ್ಲ, ನಿನ್ನೆ ಟೇಪ್ ಹಿಡಿದು ಮನೆಯೆಲ್ಲ ಅಳೆದೆ. ಮುಂದಿನ ತಿಂಗಳು ಅಮ್ಮ ಬರ್ತಾರೆ. ಮಂಡಿ ಆಪರೇಷನ್ ಆಗಿದೆ, ವಾಕರ್ ಹಿಡಿದೇ ನಡೀಬೇಕು. ಅವರ ಮಂಚ ಎಲ್ಲಿ, ಬಾತ್‌ರೂಮಿಗೆ ದಾರಿ ಹೇಗೆ, ಇಷ್ಟು ಹೇಳಿದ್ರೆ ಸಾಕು.

ಮನೆ ಪೂರ್ವದಿಕ್ಕಿಗಿದೆ. ಒಳಗೆ ಬಂದು ನಿಂತ್ರೆ ನಿಮ್ಮ ಬಲಗೈ ಉತ್ತರ. ಅಳತೆಯೆಲ್ಲ ಗೋಡೆಯ ಒಳಮೈದು. ಮೊದಲು ಹೇಳಿದ್ದು ಪೂರ್ವ-ಪಶ್ಚಿಮ, ಆಮೇಲಿನದು ಉತ್ತರ-ದಕ್ಷಿಣ.

ಬಾಗಿಲು ದಾಟಿದ ಕೂಡಲೇ ಹಾಲು, 18 ಅಡಿ, 11 ಅಡಿ. ಎಡಕ್ಕೆ ಆಗ್ನೇಯದಲ್ಲಿ ಅಡುಗೆಮನೆ, 8-11. ಅದರ ತಂಟೆಗೆ ಹೋಗೋದು ಬೇಡ. ಅಡುಗೆಮನೆ ಮುಗಿದ ಮೇಲೆ ಎಡಕ್ಕೆ ಹಾಲಿಗೆ ತೆರೆದುಕೊಂಡ ಊಟದ ಜಾಗ, ಹತ್ತೂವರೆ ಅಡಿ, ಐದೂವರೆ ಅಡಿ. ಅದರ ಬೆನ್ನಿಗೆ ದಕ್ಷಿಣದ ಗೋಡೆಗೆ ಅಂಟಿಕೊಂಡು ಎರಡು ಬಾತ್‌ರೂಮು, ಒಂದೊಂದೂ 5-5. ನೈಋತ್ಯದ ರೂಮು ನಮ್ಮದು, 12-11. ಎರಡನೇ ಬಾತ್‌ರೂಮು ಅದಕ್ಕೆ ಸೇರಿದ್ದು, ಆದ್ರೆ ಅಲ್ಲಿರೋದು ಇಂಡಿಯನ್ ಟಾಯ್ಲೆಟ್. ಹಾಗಾಗಿ ಅಮ್ಮನಿಗೆ ಆ ರೂಮು ಆಗಲ್ಲ.

ಉಳಿದದ್ದು ವಾಯವ್ಯದ ರೂಮು, 13-11. ಬಾಗಿಲು ಪೂರ್ವದ ಗೋಡೆಯ ದಕ್ಷಿಣದ ತುದಿಗೆ, 3 ಅಡಿ. ಒಳಕ್ಕೆ ತೆರೆದು ದಕ್ಷಿಣದ ಗೋಡೆಗೆ ಒರಗುತ್ತೆ. ಅದೇ ಗೋಡೆಗೆ ಪಶ್ಚಿಮದ ಮೂಲೆಯಿಂದ 6 ಅಡಿ ಉದ್ದದ ವಾರ್ಡ್‌ರೋಬ್, 2 ಅಡಿ ಆಳ, ಕೀಳೋಕಾಗಲ್ಲ. ಉತ್ತರಕ್ಕೂ ಪಶ್ಚಿಮಕ್ಕೂ ನಾಲ್ಕಡಿ ಕಿಟಕಿ, ನೆಲದಿಂದ 3 ಅಡಿ ಎತ್ತರಕ್ಕೆ. ಪಶ್ಚಿಮದ್ದರಲ್ಲಿ ಮಧ್ಯಾಹ್ನ ಮೂರರ ಮೇಲೆ ಬಿಸಿಲು ಹೊಡೆಯುತ್ತೆ. ಮಂಚ ನಾಲ್ಕಡಿ, ಆರೂವರೆ ಅಡಿ. ಅಮ್ಮ ಉತ್ತರಕ್ಕೆ ತಲೆ ಹಾಕಲ್ಲ, ಗೊತ್ತಲ್ಲ. ಸ್ವಿಚ್‌ಬೋರ್ಡ್ ಇರೋದು ಬಾಗಿಲ ಪಕ್ಕ ಮಾತ್ರ.

ನಿಜವಾದ ಫಜೀತಿ ಊಟದ ಜಾಗಕ್ಕೆ ಬಾಗಿಲಿರೋ ಮೊದಲನೇ ಬಾತ್‌ರೂಮಿಂದು. ಅಮ್ಮನ ಬಾಗಿಲಿಂದ ಹೊರಟು ಊಟದ ಜಾಗ ದಾಟಬೇಕು. ಅಲ್ಲಿ ಮೂರಡಿ-ನಾಲ್ಕಡಿ ಟೇಬಲ್ಲು, ನಾಲ್ಕು ಕುರ್ಚಿ, ಅಡುಗೆಮನೆ ಗೋಡೆಗೆ ಫ್ರಿಜ್. ಬಾತ್‌ರೂಮ್ ಬಾಗಿಲಿನ ಚೌಕಟ್ಟಿನೊಳಗೆ 2 ಅಡಿ 3 ಅಂಗುಲ, ವಾಕರ್ 2 ಅಡಿ 1 ಅಂಗುಲ. ನಾನೇ ತಳ್ಳಿ ನೋಡಿದೆ, ಬೆರಳ ಗೆಣ್ಣು ಚೌಕಟ್ಟಿಗೆ ಉಜ್ಜಿತು. ಹೊಸ್ತಿಲಿಗೆ ಒಂದಂಗುಲದ ಕಲ್ಲುಪಟ್ಟಿ ಬೇರೆ. ಬಾಗಿಲು ಒಳಕ್ಕೆ ತೆರೆದು ಕಮೋಡಿಗೆ ತಾಗುತ್ತೆ. ಒಳಗೆ ಅಮ್ಮ ಬಿದ್ದುಬಿಟ್ರೆ ನಾವು ತಳ್ಳಿ ತೆರೆಯೋ ಹಾಗಿಲ್ಲ. ಹೊರಕ್ಕೆ ತಿರುಗಿಸೋಣ ಅಂದ್ರೆ ಟೇಬಲ್ಲು ಅಡ್ಡ.

ಬಾತ್‌ರೂಮುಗಳ ನಡುವಿನ ಗೋಡೆ ನಾಲ್ಕೂವರೆ ಇಂಚಿಂದು. ಮನೆ ಕಾಲಂ ಮೇಲೆ ನಿಂತಿದೆ, ಆ ಗೋಡೆಯಲ್ಲಿ ಕಾಲಂ ಇಲ್ಲ. ಆದರೂ ಒಡೆಯೋದು ಕೊನೇ ಮಾತು. ಪೈಪೆಲ್ಲ ದಕ್ಷಿಣದ ಗೋಡೆಗೇ ಇವೆ, ಧೂಳು ಬೇರೆ. ಟೇಬಲ್ಲನ್ನ ಹಾಲಿಗೆ ತರಬಹುದಾ? ಅಲ್ಲಿ ಆರೂವರೆ ಅಡಿ ಸೋಫಾ ಉತ್ತರದ ಗೋಡೆಗೆ, ಟೀವಿ ಪಶ್ಚಿಮದ ಗೋಡೆಗೆ. ದಿವಾನ ಬೇಕಾದ್ರೆ ತೆಗೆದುಬಿಡ್ತೀನಿ. ಖರ್ಚು ಮೂವತ್ತು ಸಾವಿರ ದಾಟದಿದ್ರೆ ಸರಿ.

ಟೇಪು ಇನ್ನೂ ಮೇಜಿನ ಮೇಲೇ ಇದೆ. ಇನ್ನೇನಾದ್ರೂ ಅಳತೆ ಬೇಕಿದ್ರೆ ಹೇಳಿ, ಸಂಜೆ ಫೋನ್ ಮಾಡ್ತೀನಿ.