ನಿಮ್ಮ ಬಟ್ಟೆ ಜೋಪಾನವಾಗಿದೆ, ಆರ್ಡರ್ ವಿವರ ಕಳೆದುಹೋಗಿದೆ. ದಯವಿಟ್ಟು ಪೂರ್ತಿ ಓದಿ

ಹುಬ್ಬಳ್ಳಿ, 14 ಜುಲೈ 2025

ಅಕ್ಕಂದಿರಿಗೆ, ಅಮ್ಮಂದಿರಿಗೆ, ಮನೆಯವರಿಗಾಗಿ ಆರ್ಡರ್ ಕೊಟ್ಟ ಅಣ್ಣಂದಿರಿಗೂ ನಮಸ್ಕಾರ.

ಮೊದಲು ಮುಖ್ಯ ವಿಷಯ. ನೀವು ಹೊಲಿಯೋಕೆ ಕಳಿಸಿದ ಬಟ್ಟೆಗಳೆಲ್ಲ ನಮ್ಮ ಹತ್ತಿರವೇ ಇವೆ. ಒಂದು ತುಂಡೂ ಎಲ್ಲೂ ಹೋಗಿಲ್ಲ. ಹೋಗಿರುವುದು ಆರ್ಡರ್ ಬರೆದಿಟ್ಟ ವಿವರ. ಯಾವ ಗಂಟು ಯಾರದು, ಅಳತೆ ಎಷ್ಟು, ಕುತ್ತಿಗೆ ಯಾವ ಡಿಸೈನ್, ಯಾವ ತಾರೀಕಿಗೆ ಬೇಕು, ಇದಿಷ್ಟೂ ಹೋಗಿದೆ. ಜೂನ್ 9ರಿಂದ ಜುಲೈ 12ರ ತನಕ ಆರ್ಡರ್ ಕೊಟ್ಟವರೆಲ್ಲರಿಗೂ ಇದರಿಂದ ತೊಂದರೆ ಆಗಿದೆ. ಅದಕ್ಕೆ ಮುಂಚಿನ ಆರ್ಡರ್‌ಗಳ ವಿವರ ನಮ್ಮಲ್ಲಿದೆ, ಅವು ಹೇಳಿದ ದಿನಕ್ಕೇ ಬರುತ್ತವೆ.

ತಪ್ಪು ನನ್ನದು. ದಯವಿಟ್ಟು ಕ್ಷಮಿಸಿ.

ಏನಾಯ್ತು ಅಂತ ತಿಳಿಯುವ ಹಕ್ಕು ನಿಮಗಿದೆ. ಶನಿವಾರ ರಾತ್ರಿ ಕರೆಂಟ್ ಎರಡು ಮೂರು ಸಲ ಹೋಗಿ ಬಂತು. ಆಮೇಲೆ ಅಂಗಡಿಯ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ರಿಪೇರಿಯವರು ನನ್ನ ಮುಂದೆಯೇ ಬಿಚ್ಚಿ ನೋಡಿ, ಡಿಸ್ಕ್ ಕೆಟ್ಟಿದೆ, ಒಳಗಿರುವುದನ್ನು ಓದೋಕೆ ಆಗ್ತಿಲ್ಲ ಅಂದರು. ಎಲ್ಲ ಆರ್ಡರ್‌ಗಳೂ ಅದರಲ್ಲಿದ್ದ ಒಂದೇ ಫೈಲಿನಲ್ಲಿದ್ದವು. ವಾರಕ್ಕೊಂದು ಸಲ ಅದನ್ನು ಪೆನ್‌ಡ್ರೈವ್‌ಗೆ ಹಾಕಿಡಬೇಕಿತ್ತು. ಕೊನೆಗೆ ಹಾಕಿದ್ದು ಜೂನ್ 8ಕ್ಕೆ. ಕೆಲಸ ಜಾಸ್ತಿ ಇತ್ತು ಅನ್ನುವುದು ಕಾರಣ ಇರಬಹುದು, ನೆಪ ಆಗೋದಿಲ್ಲ.

ವಾಟ್ಸಾಪ್‌ನಲ್ಲಿ ಕಳಿಸಿದ್ದೆನಲ್ಲಾ, ಅದು ಇರುತ್ತಲ್ವಾ ಅಂತ ನೀವು ಕೇಳಬಹುದು. ಇಲ್ಲ. ತುಂಬಾ ಜನ ಬ್ಲೌಸ್ ಹಾಕಿಕೊಂಡ ಫೋಟೊ ಕಳಿಸಿ, ಇಲ್ಲಿ ಬಿಗಿ, ಅಲ್ಲಿ ಸಡಿಲ ಅಂತ ತೋರಿಸುತ್ತೀರಿ. ಅಂಥ ಫೋಟೊ ಅಂಗಡಿಯ ಫೋನಿನಲ್ಲಿ ಉಳಿಯುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ಅಳತೆ, ಡಿಸೈನ್ ಫೈಲಿಗೆ ಬರೆದುಕೊಂಡ ಕೂಡಲೇ ಆ ಚಾಟನ್ನೇ ಅಳಿಸುತ್ತಿದ್ದೆವು. ಗಂಟಿಗೆ ಕಟ್ಟುವ ಚೀಟಿಯ ಮೇಲೂ ಹೆಸರು, ಫೋನ್ ನಂಬರ್ ಬರೆಯುತ್ತಿರಲಿಲ್ಲ, ಬರೀ ಆರ್ಡರ್ ನಂಬರ್. ಫೈಲ್ ಇರುವ ತನಕ ಇದೇ ಒಳ್ಳೆ ಪದ್ಧತಿ ಆಗಿತ್ತು. ಈಗ ನನ್ನ ಮುಂದೆ ನಂಬರ್ ಇರುವ, ಹೆಸರಿಲ್ಲದ ಗಂಟುಗಳ ರಾಶಿ ಇದೆ.

ಡಿಸ್ಕ್ ನನ್ನ ಬಳಿಯೇ ಇದೆ. ಬೆಂಗಳೂರಿಗೆ ಕಳಿಸಿದರೆ ವಿವರ ಸಿಕ್ಕರೂ ಸಿಗಬಹುದು, ಗ್ಯಾರಂಟಿ ಇಲ್ಲ ಅಂದರು. ನಾನು ಕಳಿಸಿಲ್ಲ. ನಿಮ್ಮ ಮನೆ ವಿಳಾಸ, ಫೋನ್ ನಂಬರ್, ಮೈ ಅಳತೆ ಇರುವ ಡಿಸ್ಕನ್ನು ಗುರುತಿಲ್ಲದವರ ಕೈಗೆ ಕೊಡಲು ಮನಸ್ಸಿಲ್ಲ. ಸಿಕ್ಕರೂ ಹಬ್ಬದ ಒಳಗೆ ಸಿಗುವುದಿಲ್ಲ.

ನಿನ್ನೆ ಪೂರ್ತಿ ಕೂತು ಎಲ್ಲ ಗಂಟು ಬಿಚ್ಚಿ ನೋಡಿದ್ದೇವೆ. ಒಟ್ಟು 94 ಇವೆ. ಬ್ಯಾಂಕಿಗೆ ಬಂದ ಅಡ್ವಾನ್ಸ್, ಕೊರಿಯರ್ ಕವರಿನ ಮೇಲಿದ್ದ ವಿಳಾಸ ಹೊಂದಿಸಿ 31 ಗಂಟು ಯಾರದು ಅಂತ ಖಚಿತ ಮಾಡಿಕೊಂಡಿದ್ದೇವೆ. ಅವರಿಗೆ ನಾನೇ ಫೋನ್ ಮಾಡುತ್ತಿದ್ದೇನೆ. ಉಳಿದ 63 ಗಂಟುಗಳಿಗೆ ನಿಮ್ಮ ಸಹಾಯ ಬೇಕು.

ಅಂದಾಜಿನ ಮೇಲೆ ಯಾವುದನ್ನೂ ಕತ್ತರಿಸುವುದಿಲ್ಲ. ಇದನ್ನು ಮಾಸ್ಟರ್‌ಗೂ ಹೇಳಿ ಆಗಿದೆ. ಗಂಟುಗಳಲ್ಲಿ ಮೂರು ಗುಳೇದಗುಡ್ಡ ಖಣ ಇವೆ. ಮೂರೂ ಕೆಂಪು, ಮೂರಕ್ಕೂ ಹಸಿರು ಅಂಚು, ಪಕ್ಕಪಕ್ಕ ಇಟ್ಟರೆ ನನಗೇ ಗೊತ್ತಾಗುವುದಿಲ್ಲ. ಖಣದ ಅಗಲ ಮೊದಲೇ ಕಮ್ಮಿ. ಅಂಚು ತೋಳಿಗೆ ಬರಬೇಕಾ, ಬೆನ್ನಿಗೆ ಬರಬೇಕಾ ಅಂತ ತಿಳಿಯದೆ ಕತ್ತರಿ ಇಟ್ಟರೆ ಮುಗೀತು. ಸೀರೆಯ ಜೊತೆಗೇ ಬಂದ ಬ್ಲೌಸ್ ಪೀಸ್ ಅಂತೂ ಅಂಗಡಿಯಲ್ಲಿ ಬೇರೆ ಸಿಗುವುದೇ ಇಲ್ಲ. ಇನ್ನೊಂದು ಗಂಟಿನಲ್ಲಿ ಹಳೆ ಇಳಕಲ್ ಸೀರೆ ಇದೆ, ಮಡಿಕೆ ಬಿದ್ದ ಕಡೆ ಬಣ್ಣ ಸ್ವಲ್ಪ ಮಾಸಿದೆ. ಅದಕ್ಕೆ ಪಿನ್ ಹಾಕಿದ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ‘ಅಮ್ಮಂದು, ಜೋಪಾನ’ ಅಂತ ಬರೆದಿದೆ. ಆ ಸೀರೆ ಕಳಿಸಿದ ಅಕ್ಕ ಇದನ್ನು ಓದುತ್ತಿದ್ದರೆ, ಅದನ್ನು ಬೇರೆಯಾಗಿ ಬಿಳಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಮೊದಲು ನೀವೇ ಮೆಸೇಜ್ ಮಾಡಿ.

ಈಗ ನೀವು ಮಾಡಬೇಕಾದದ್ದು. ಇದೇ ಮೆಸೇಜ್‌ಗೆ ಉತ್ತರವಾಗಿ ನಿಮ್ಮ ಹೆಸರು, ಊರು ಬರೆಯಿರಿ. ಕಳಿಸಿದ ಬಟ್ಟೆ ಹೇಗಿತ್ತು ಅಂತ ಹೇಳಿ: ಬಣ್ಣ, ಅಂಚು, ರೇಷ್ಮೆಯೋ ಕಾಟನ್ನೋ, ಜೊತೆಗೆ ಸೀರೆ ಇತ್ತಾ, ಲೈನಿಂಗ್ ನೀವೇ ಹಾಕಿದ್ರಾ. ಅದೇ ಸೀರೆ ಮನೆಯಲ್ಲಿದ್ದರೆ ಅದರದ್ದೊಂದು ಫೋಟೊ ಸಾಕು. ಆರ್ಡರ್ ಕೊಟ್ಟಾಗ ನಾವು ಕಳಿಸಿದ ನಂಬರ್ ನಿಮ್ಮ ಫೋನಿನಲ್ಲಿ ಉಳಿದಿದ್ದರೆ ಅರ್ಧ ಕೆಲಸ ಆದ ಹಾಗೆ. ನಾವು ಅಳಿಸಿದ ಚಾಟ್ ನಿಮ್ಮ ಕಡೆ ಹಾಗೇ ಇರುತ್ತದೆ, ಸ್ವಲ್ಪ ಮೇಲಕ್ಕೆ ಹೋಗಿ ನೋಡಿ. ಆ ಮೆಸೇಜ್‌ಗಳನ್ನೇ ಫಾರ್ವರ್ಡ್ ಮಾಡಿದರೆ ನೀವು ಮತ್ತೆ ಏನೂ ಬರೆಯಬೇಕಾಗಿಲ್ಲ.

ಅಳತೆ ಬ್ಲೌಸ್ ಕಳಿಸಿದ್ದವರು ಅಳತೆಯ ಚಿಂತೆ ಬಿಡಿ. ಆ ಬ್ಲೌಸ್ ಗಂಟಿನಲ್ಲೇ ಇದೆ. ನಿಮಗೆ ಬೇಕಾದ ಬದಲಾವಣೆ ಮಾತ್ರ ತಿಳಿಸಿ: ತೋಳು ಮೊಣಕೈ ತನಕ ಬರಬೇಕು, ಹಿಂದೆ ಡೋರಿ ಬೇಡ, ಹುಕ್ ಮುಂದೆ ಇರಲಿ, ಹೀಗೆ.

ಅಳತೆ ಬರೆದು ಕಳಿಸಿದ್ದವರು ದಯವಿಟ್ಟು ಇನ್ನೊಮ್ಮೆ ಕಳಿಸಿ. ನಿಮಗೆ ಸರಿಯಾಗಿ ಕೂರುವ ಒಂದು ಬ್ಲೌಸನ್ನು ಹುಕ್ ಹಾಕಿ ನೆಲದ ಮೇಲೆ ಹರಡಿ. ಒಂದು ಕಂಕುಳಿಂದ ಇನ್ನೊಂದು ಕಂಕುಳಿನ ತನಕ ಟೇಪ್ ಹಿಡಿದು, ಬಂದದ್ದನ್ನು ಎರಡು ಪಟ್ಟು ಮಾಡಿದರೆ ಎದೆ ಸುತ್ತಳತೆ. ಕೆಳಗೆ ಪಟ್ಟಿಯ ಹತ್ತಿರ ಹಾಗೇ ಮಾಡಿದರೆ ಸೊಂಟದ ಕಡೆಯ ಸುತ್ತಳತೆ. ಉದ್ದ, ಭುಜ, ತೋಳಿನ ಉದ್ದ, ತೋಳಿನ ಸುತ್ತಳತೆ, ಮುಂದಿನ ಮತ್ತು ಹಿಂದಿನ ಕುತ್ತಿಗೆ ಆಳ, ಇವಿಷ್ಟು ಇಂಚಿನಲ್ಲಿ ಇರಲಿ. ಕಪ್ ಇರುವ ಅಥವಾ ಕಟೋರಿ ಬ್ಲೌಸ್ ಆದರೆ ಹರಡಿ ಅಳೆದದ್ದು ಸರಿ ಬರುವುದಿಲ್ಲ. ಹಾಗಿದ್ದರೆ ಹೇಳಿ, ಅಳತೆ ಬ್ಲೌಸ್ ಕಳಿಸಿಕೊಡಿ, ಹೋಗಿ ಬರುವ ಕೊರಿಯರ್ ಖರ್ಚು ನನ್ನದು. ಮದುವೆಗೆ ಮುಂಚಿನ ಬ್ಲೌಸ್ ಹುಡುಕಿ ತೆಗೆದು ಅದರ ಅಳತೆ ಮಾತ್ರ ಬೇಡ. ಅದನ್ನು ನಾನೂ ಮಾಡಿದ್ದೇನೆ, ಕೊನೆಗೆ ಬಿಚ್ಚಿಸಿ ಹೊಲಿಸಿದ್ದೇನೆ.

ಅಣ್ಣಂದಿರಿಗೆ ಒಂದು ಮಾತು. ಮನೆಯವರಿಗೆ ಗೊತ್ತಾಗದ ಹಾಗೆ ಆರ್ಡರ್ ಕೊಟ್ಟವರು ನಿಮ್ಮಲ್ಲಿ ಒಬ್ಬಿಬ್ಬರು ಇದ್ದೀರಿ. ‘ಗುಟ್ಟು’ ಅಂತ ಒಂದು ಪದ ಸೇರಿಸಿ ಉತ್ತರ ಕೊಡಿ. ನಿಮ್ಮ ನಂಬರ್ ಬಿಟ್ಟು ಬೇರೆ ಎಲ್ಲಿಗೂ ಫೋನ್ ಮಾಡುವುದಿಲ್ಲ.

ಇನ್ನು ತಾರೀಕಿನ ವಿಷಯ. ಈಗ ಆಷಾಢ, ಶ್ರಾವಣ ಹತ್ತಿರ ಇದೆ. ಜುಲೈ 29ಕ್ಕೆ ನಾಗರ ಪಂಚಮಿ, ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ, 26ಕ್ಕೆ ಗೌರಿ. ಪಂಚಮಿಗೆ ತವರಿಗೆ ಹೋಗುವವರ ಬಟ್ಟೆ ಮೊದಲು ಹೊಲಿಯುತ್ತೇವೆ, ಆಮೇಲೆ ವರಮಹಾಲಕ್ಷ್ಮಿಯದು. ಜುಲೈ 18ರ ಒಳಗೆ ವಿವರ ಕೊಟ್ಟವರಿಗೆ ಪಂಚಮಿಗೆ ಮುಂಚೆ ಕಳಿಸಲು ಸಾಧ್ಯ. ಆರಿ ವರ್ಕ್ ಇರುವ ಬ್ಲೌಸ್ ಮಾತ್ರ ಪಂಚಮಿಗೆ ಆಗುವುದಿಲ್ಲ, ಆಗುತ್ತೆ ಅಂತ ಸುಮ್ನೆ ಹೇಳುವುದಿಲ್ಲ. ಸೀರೆಗೆ ಫಾಲ್ಸ್, ಜಿಗ್‌ಜಾಗ್, ಕುಚ್ಚು ಮಾತ್ರ ಇದ್ದವರದು ಬೇಗ ಮುಗಿಯುತ್ತದೆ. ಹೊಸ ಆರ್ಡರ್ ಈ ತಿಂಗಳ ಕೊನೆ ತನಕ ತೆಗೆದುಕೊಳ್ಳುತ್ತಿಲ್ಲ.

ಹಣದ ವಿಷಯದಲ್ಲಿ ನೀವು ನಷ್ಟ ಪಡಬೇಕಾಗಿಲ್ಲ. ಕಾದು ಹೊಲಿಸಿಕೊಳ್ಳುವವರು ಬಾಕಿ ಹಣ ಕೊಡಬೇಡಿ, ಅಡ್ವಾನ್ಸ್ ಕೊಟ್ಟದ್ದಷ್ಟೇ ಸಾಕು. ಕೊಟ್ಟ ಮಾತಿನ ದಿನಕ್ಕೆ ತಲುಪದಿದ್ದರೆ ಅಡ್ವಾನ್ಸ್ ಕೂಡ ವಾಪಸ್, ಹೊಲಿಗೆ ಪುಕ್ಕಟೆ. ಇಲ್ಲಿ ಬೇಡ, ಬೇರೆ ಕಡೆ ಹೊಲಿಸುತ್ತೇನೆ ಅನ್ನುವವರಿಗೆ ಪೂರ್ತಿ ಹಣ ಮತ್ತು ಬಟ್ಟೆ ಎರಡನ್ನೂ ನನ್ನ ಖರ್ಚಿನಲ್ಲಿ ಮರುದಿನವೇ ಕಳಿಸುತ್ತೇನೆ. ಯಾಕೆ ಅಂತ ಕೇಳುವುದಿಲ್ಲ. ಅಡ್ವಾನ್ಸ್ ಕಟ್ಟಿದ್ದಕ್ಕೆ ನಿಮ್ಮ ಹತ್ತಿರ ಸ್ಕ್ರೀನ್‌ಶಾಟ್ ಇಲ್ಲದಿದ್ದರೂ ಪರವಾಗಿಲ್ಲ, ತಾರೀಕು ಮತ್ತು ಮೊತ್ತ ಹೇಳಿದರೆ ಬ್ಯಾಂಕಿನ ಪಟ್ಟಿಯಲ್ಲಿ ನೋಡಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ಇಂಥ ಸುದ್ದಿ ಹರಡಿದಾಗ ಅದನ್ನೇ ಹಿಡಿದು ಮೋಸ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಹಣ ವಾಪಸ್ ಕೊಡುವುದಕ್ಕೆ ನಾವು ಒಟಿಪಿ ಕೇಳುವುದಿಲ್ಲ, ಲಿಂಕ್ ಕಳಿಸುವುದಿಲ್ಲ, ಯಾವ ಕೋಡನ್ನೂ ಸ್ಕ್ಯಾನ್ ಮಾಡಿ ಅನ್ನುವುದಿಲ್ಲ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಹಾಕಿದರೆ ಹಣ ನಿಮ್ಮಿಂದ ಹೋಗುತ್ತದೆ. ನಮ್ಮ ಹೆಸರು ಹೇಳಿ ಯಾರಾದರೂ ಹಾಗೆ ಕೇಳಿದರೆ ಫೋನ್ ಇಟ್ಟು ನನಗೆ ತಿಳಿಸಿ.

ಇನ್ನು ಮುಂದೆ ಆರ್ಡರ್ ಬಂದ ಕೂಡಲೇ ಕಾರ್ಬನ್ ಇಟ್ಟು ಪುಸ್ತಕದಲ್ಲಿ ಬರೆಯುತ್ತೇವೆ. ಒಂದು ಹಾಳೆ ಗಂಟಿನ ಒಳಗೆ, ಇನ್ನೊಂದು ಪುಸ್ತಕದಲ್ಲೇ. ಆ ಹಾಳೆಯ ಫೋಟೊ ನಿಮಗೂ ಬರುತ್ತದೆ, ತಪ್ಪಿದ್ದರೆ ನೀವೇ ಹಿಡಿಯಬಹುದು. ಕಂಪ್ಯೂಟರಿನ ಫೈಲ್ ದಿನವೂ ಇನ್ನೊಂದು ಕಡೆ ಕಾಪಿ ಆಗುತ್ತದೆ. ಇದಕ್ಕೆ ದೊಡ್ಡ ತಲೆ ಏನೂ ಬೇಕಿರಲಿಲ್ಲ, ಮೊದಲೇ ಮಾಡಬಹುದಿತ್ತು.

ಈ ಮೆಸೇಜ್ ನನ್ನ ಫೋನಿನಲ್ಲಿ ಹೆಸರಿರುವ ಎಲ್ಲರಿಗೂ ಹೋಗುತ್ತಿದೆ. ಆರ್ಡರ್ ಕೊಡದವರಿಗೂ ಬಂದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಇದು ತಲುಪದೇ ಇರಬಹುದು. ನಿಮ್ಮ ಅಕ್ಕ ತಂಗಿ, ಓರಗಿತ್ತಿ, ಗೆಳತಿ ಯಾರಾದರೂ ನಮ್ಮಲ್ಲಿ ಬಟ್ಟೆ ಕೊಟ್ಟಿದ್ದರೆ ಅವರಿಗೂ ಕಳಿಸಿ. ಹೊರದೇಶದಲ್ಲಿರುವವರು ಊರಿನ ಮನೆಯವರ ಕೈಯಲ್ಲಿ ಬಟ್ಟೆ ಕೊಡಿಸಿದ್ದರೆ, ಅದನ್ನು ತಂದುಕೊಟ್ಟವರ ಹೆಸರನ್ನೂ ಬರೆಯಿರಿ.

ಸಿಟ್ಟು ಬಂದಿದ್ದರೆ ನನ್ನನ್ನೇ ಬೈಯಿರಿ. ಫೋನ್ ಎತ್ತುವ ಹುಡುಗಿ ಹೊಸಬಳು, ಅವಳದು ಇದರಲ್ಲಿ ಏನೂ ತಪ್ಪಿಲ್ಲ. ಬೆಳಗ್ಗೆ 10ರಿಂದ ರಾತ್ರಿ 8ರ ತನಕ ಫೋನ್ ಮಾಡಬಹುದು. ಮೆಸೇಜ್ ಯಾವ ಹೊತ್ತಿಗಾದರೂ ಹಾಕಿ, ಬಂದ ದಿನವೇ ಉತ್ತರ ಕೊಡುತ್ತೇನೆ. ನಿಮ್ಮ ಗಂಟು ಸಿಕ್ಕ ಕೂಡಲೇ ಅದರ ಫೋಟೊ ಕಳಿಸುತ್ತೇನೆ. ನೋಡಿ ನೀವು ‘ಹೌದು, ನನ್ನದೇ’ ಅಂದ ಮೇಲೆಯೇ ಕಟಿಂಗ್ ಶುರು.

ನಿಮ್ಮ,
ಸವಿತಾ