ನಾಲ್ಕು ಬೆಕ್ಕಿನ ಮರಿಗಳಿಗೆ ಮನೆ ಬೇಕು (ಮೈಸೂರು, ಕುವೆಂಪುನಗರ)

ನಮ್ಮ ಹಿತ್ತಲಿನ ಸೌದೆ ರಾಶಿಯ ಹಿಂದೆ ಬೀದಿ ಬೆಕ್ಕೊಂದು ಮರಿ ಹಾಕಿ ಒಂಬತ್ತು ವಾರವಾಯಿತು. ತಾಯಿ ನಮ್ಮಲ್ಲೇ ಇರುತ್ತಾಳೆ, ಅವಳಿಗೆ ಆಪರೇಷನ್ ಕೂಡ ಮಾಡಿಸಿದ್ದೇವೆ. ಮರಿಗಳಿಗೆ ಮನೆ ಹುಡುಕುತ್ತಿದ್ದೇವೆ. ದುಡ್ಡು ಬೇಡ. ಹಾಗಂತ ಕೇಳಿದವರಿಗೆಲ್ಲ ಕೊಡುವುದಿಲ್ಲ.

ಕೆಂಚ: ಗಂಡು, ಕೇಸರಿ ಬಣ್ಣ, ಮಹಾ ಹೊಟ್ಟೆಬಾಕ. ಅಪರಿಚಿತರ ತೊಡೆಯ ಮೇಲೂ ಹೋಗಿ ಮಲಗುತ್ತಾನೆ.

ಕರಿಯ: ಗಂಡು. ಚಿಕ್ಕವನಿದ್ದಾಗ ಕಣ್ಣಿಗೆ ಸೋಂಕಾಗಿ ಎಡಗಣ್ಣಿನಲ್ಲಿ ಬಿಳಿ ಪೊರೆ ಉಳಿದಿದೆ. ಆ ಕಡೆ ಸರಿಯಾಗಿ ಕಾಣುವುದಿಲ್ಲ. ಆದರೂ ಪರದೆ ಹತ್ತುವುದರಲ್ಲಿ ಇವನೇ ಮುಂದು.

ಚುಕ್ಕಿ ಮತ್ತು ಬೂದಿ: ಎರಡೂ ಹೆಣ್ಣು. ಚುಕ್ಕಿಗೆ ಮೂರು ಬಣ್ಣ, ಬೂದಿಗೆ ಹೆಸರಿನದೇ ಬಣ್ಣ. ಬೂದಿ ತುಂಬಾ ಪುಕ್ಕಲು. ಮಿಕ್ಸಿ ಸದ್ದಾದರೆ ಫ್ರಿಜ್ ಹಿಂದೆ ಸೇರಿಕೊಂಡು, ಚುಕ್ಕಿ ಹೋಗಿ ಕರೆದ ಮೇಲೇ ಹೊರಗೆ ಬರುತ್ತಾಳೆ. ಇವರಿಬ್ಬರನ್ನು ಬೇರೆ ಮಾಡುವುದಿಲ್ಲ.

ಎಲ್ಲರಿಗೂ ಎರಡು ಸಲ ಹುಳದ ಔಷಧಿ, ಮೊದಲ ಲಸಿಕೆ ಆಗಿದೆ. ಚೀಟಿ ಕೊಡುತ್ತೇನೆ. ಮುಂದಿನ ಡೋಸ್, ರೇಬೀಸ್ ಲಸಿಕೆ, ಐದಾರು ತಿಂಗಳಿಗೆ ಆಪರೇಷನ್, ಇವು ನಿಮ್ಮ ಖರ್ಚು. ‘ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣ’ ಅನ್ನುವವರು ದಯವಿಟ್ಟು ಬೇಡ. ಆ ಮರಿಗಳಿಗೂ ಹೀಗೇ ಮನೆ ಹುಡುಕಬೇಕಲ್ವಾ?

ಮರಳಿನ ಟ್ರೇ ಕಲಿತಿದ್ದಾರೆ. ಆದರೆ ಮರಳು ಬದಲಿಸದಿದ್ದರೆ ಕಾಲೊರಸಿನ ಮೇಲೇ ಮಾಡಿಬಿಡುತ್ತಾರೆ. ಸೋಫಾ ಪರಚುತ್ತಾರೆ. ರಾತ್ರಿ ಹೊದಿಕೆಯೊಳಗೆ ಕಾಲು ಅಲುಗಿದರೆ ಕಚ್ಚುತ್ತಾರೆ. ಬೇಯಿಸಿದ ಚಿಕನ್ ಮತ್ತು ಮರಿಗಳ ಆಹಾರ ಅಭ್ಯಾಸವಾಗಿದೆ. ಹಾಲು ಹಾಕಬೇಡಿ, ಭೇದಿಯಾಗುತ್ತದೆ. ಬರೀ ಮೊಸರನ್ನದಲ್ಲಿ ಬೆಕ್ಕು ಬದುಕುವುದಿಲ್ಲ. ಮನೆಗೆ ಮಾಂಸ ತರುವುದಿಲ್ಲ ಅನ್ನುವವರು ಅಂಗಡಿಯ ಬೆಕ್ಕಿನ ಆಹಾರವನ್ನಾದರೂ ಹಾಕಲೇಬೇಕು.

ಬಾಡಿಗೆ ಮನೆಯಾದರೆ ಓನರ್ ಜೊತೆ ನಾನೇ ಒಮ್ಮೆ ಮಾತಾಡುತ್ತೇನೆ. ಹೋದ ವರ್ಷ ಕೊಟ್ಟ ಮರಿಯೊಂದು, ಓನರ್ ಬೇಡ ಅಂದರು ಅಂತ ಇಪ್ಪತ್ತೇ ದಿನಕ್ಕೆ ರಸ್ತೆಗೆ ಬಂತು. ಮಹಡಿ ಮನೆಯಾದರೆ ಬಾಲ್ಕನಿಗೆ, ಕಿಟಕಿಗಳಿಗೆ ನೆಟ್ ಇರಬೇಕು. ಗೋಡೌನಿಗೆ ಇಲಿ ಹಿಡಿಯಲು, ಹುಟ್ಟುಹಬ್ಬದ ಸರ್‌ಪ್ರೈಸ್‌ಗೆ ಕೊಡುವುದಿಲ್ಲ.

ಮೆಸೇಜ್ ಮಾಡುವಾಗ ಇಷ್ಟು ಬರೆಯಿರಿ: ಮನೆಯಲ್ಲಿ ಯಾರ್‍ಯಾರಿದ್ದೀರಿ, ಎಲ್ಲರೂ ಒಪ್ಪಿದ್ದಾರಾ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಹಿಂದೆ ಸಾಕಿದ ಪ್ರಾಣಿ ಏನಾಯಿತು. ಸುಮ್ನೆ ‘ಇದೆಯಾ?’ ಅಂತ ಕೇಳಿದರೆ ಉತ್ತರ ಕೊಡುವುದಿಲ್ಲ. ಮರಿಯನ್ನು ನಾನೇ ನಿಮ್ಮ ಮನೆಗೆ ತಂದು, ಮನೆ ನೋಡಿ ಬಿಟ್ಟುಹೋಗುತ್ತೇನೆ. ಹಾಗಾಗಿ ಮೈಸೂರಿನವರಿಗೆ ಮಾತ್ರ. ಮೊದಲ ತಿಂಗಳು ವಾರಕ್ಕೊಂದು ಫೋಟೊ ಕಳಿಸಬೇಕು. ಸಾಕಲು ಆಗದಿದ್ದರೆ, ಎಷ್ಟು ವರ್ಷವಾಗಿದ್ದರೂ ಸರಿ, ನನಗೇ ವಾಪಸ್ ಕೊಡಿ. ಬೈಯುವುದಿಲ್ಲ.

ಕೆಂಚನನ್ನು ಈಗಾಗಲೇ ಐದು ಜನ ಕೇಳಿದ್ದಾರೆ. ಕರಿಯನನ್ನು ಇನ್ನೂ ಯಾರೂ ಕೇಳಿಲ್ಲ.