ಮದುವೆಯ ಕರೆಯೋಲೆ

|| ಶ್ರೀ ಗಣೇಶಾಯ ನಮಃ ||

ಆತ್ಮೀಯರೇ,

ನಮ್ಮ ಹಿರಿಯ ಮಗಳು

ಚಿ. ಸೌ. ಸುಮೇಧಾ

ಹಾಗೂ ಶಿರಸಿಯ ಶ್ರೀಮತಿ ವಸುಧಾ ಮತ್ತು ಶ್ರೀ ಶಿವಾನಂದ ಭಟ್ ಅವರ ಮಗ

ಚಿ. ರಾ. ಪ್ರಣವ

ಇವರ ಮದುವೆಯನ್ನು ಗುರುಹಿರಿಯರು ನಿಶ್ಚಯಿಸಿದ್ದಾರೆ.

ಶ್ರೀ ಪರಾಭವ ನಾಮ ಸಂವತ್ಸರ, ವಸಂತ ಋತು, ವೈಶಾಖ ಶುದ್ಧ ದಶಮಿ, ಮಘಾ ನಕ್ಷತ್ರ

26 ಏಪ್ರಿಲ್ 2026, ಭಾನುವಾರ
ಧಾರೆ ಮುಹೂರ್ತ: ಬೆಳಿಗ್ಗೆ 9.50ರಿಂದ 10.40, ಮಿಥುನ ಲಗ್ನ

ಸ್ಥಳ: ನಮ್ಮ ಮನೆಯಂಗಳದ ಚಪ್ಪರ, ಇಕ್ಕೇರಿ, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ಸುಮೇಧಾ ಅಂಬೆಗಾಲಿಟ್ಟಿದ್ದು ಇದೇ ಅಂಗಳದಲ್ಲಿ. ಧಾರೆಯೂ ಇಲ್ಲೇ ಆಗಲಿ ಎಂದು ಅವಳ ಅಜ್ಜಿ ಭಾಗೀರಥಮ್ಮನವರ ಆಸೆ. ಹಾಗಾಗಿ ಛತ್ರ ಹಿಡಿದಿಲ್ಲ. ಮನೆಮಂದಿಯೆಲ್ಲ ಮುಂಚಿತವಾಗಿ ಬಂದು, ಎರಡು ದಿನ ಇದ್ದು, ಮದುವೆ ನಡೆಸಿಕೊಡಬೇಕು.

ಶನಿವಾರ ಬೆಳಿಗ್ಗೆ ನಾಂದಿ. ಭಾನುವಾರ ಎಂಟಕ್ಕೆ ದಿಬ್ಬಣ ಬರುತ್ತದೆ. ಊಟ ಹನ್ನೆರಡೂವರೆಯಿಂದ, ಬಾಳೆ ಎಲೆಯ ಮೇಲೆ. ಅಪ್ಪೆಮಿಡಿಯ ಕಾಲ ಅಲ್ವಾ, ಅಪ್ಪೆಹುಳಿ ಇದ್ದೇ ಇರುತ್ತದೆ. ಜೊತೆಗೆ ಹಲಸಿನಕಾಯಿ ಪಲ್ಯ, ತೊಡದೇವು. ನಿಧಾನವಾಗಿ ಕೂತು ಉಣ್ಣಿ. ಸೋಮವಾರ ಶಿರಸಿಯಲ್ಲಿ ವಧುಪ್ರವೇಶ.

ಬೆಂಗಳೂರು, ಮೈಸೂರು ಕಡೆಯವರಿಗೆ ಮೈಸೂರು–ತಾಳಗುಪ್ಪ ರಾತ್ರಿ ರೈಲು ಅನುಕೂಲ. ತಾಳಗುಪ್ಪದವರೆಗೆ ಹೋಗಬೇಡಿ, ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಕರೆತರಲು ನಮ್ಮ ಕಡೆಯ ಗಾಡಿ ಇರುತ್ತದೆ. ಎಷ್ಟು ಜನ, ಯಾವಾಗ ಬರುತ್ತೀರಿ ಎಂದು ಈ ಕರೆಯೋಲೆ ಬಂದ ನಂಬರಿಗೆ ಏಪ್ರಿಲ್ 15ರೊಳಗೆ ತಿಳಿಸಿ. ಮಲಗುವ ವ್ಯವಸ್ಥೆ ಮಾಡಲು ಸುಲಭವಾಗುತ್ತದೆ. ಮನೆ ಹುಡುಕುವುದು ಕಷ್ಟವಲ್ಲ. ಅಘೋರೇಶ್ವರ ದೇವಸ್ಥಾನದ ಹತ್ತಿರ ಬಂದು ಯಾರನ್ನು ಕೇಳಿದರೂ ತೋರಿಸುತ್ತಾರೆ.

ನಿಮ್ಮ ಆಶೀರ್ವಾದವೇ ಉಡುಗೊರೆ. ಬೇರೇನೂ ತರಬೇಡಿ.

ನಿಮ್ಮ ಬರವನ್ನು ಕಾಯುವ,
ಶ್ರೀಮತಿ ಗಿರಿಜಾ ಮತ್ತು ಶ್ರೀ ಮಂಜುನಾಥ ಹೆಗಡೆ
ಅಜ್ಜಿ ಶ್ರೀಮತಿ ಭಾಗೀರಥಮ್ಮ, ತಮ್ಮ ಚಿ. ಸುಹಾಸ
ಹಾಗೂ ಬಂಧುವರ್ಗ

*ಹಿಂಬದಿ ಪುಟ*

ಈ ಪಿಡಿಎಫ್ ಅನ್ನು ನಿಮ್ಮ ಮನೆಯವರಿಗೆಲ್ಲ ಕಳಿಸಿ. ಸ್ಕ್ರೀನ್‌ಶಾಟ್ ಬೇಡ, ಅಕ್ಷರ ಮಸುಕಾಗುತ್ತದೆ. ಫೈಲನ್ನೇ ಕಳಿಸಿ. ಹೆಸರುಗಳು ಬಲೂ ತಮ್ಮ ಫಾಂಟಿನಲ್ಲಿವೆ, ಉಳಿದದ್ದು ನೋಟೊ ಸೆರಿಫ್ ಕನ್ನಡದಲ್ಲಿ. ಎರಡನ್ನೂ ಫೈಲಿನೊಳಗೇ ಸೇರಿಸಿದ್ದೇನೆ, ಯಾವ ಫೋನಿನಲ್ಲಿ ತೆರೆದರೂ ಒತ್ತಕ್ಷರ ಒಡೆಯುವುದಿಲ್ಲ. ಮೊದಲ ಪ್ರತಿಯಲ್ಲಿ ಅಜ್ಜಿಯ ಹೆಸರೇ ತಪ್ಪಾಗಿ ಕಂಡಿತ್ತು. ಅದನ್ನು ಸರಿಮಾಡಿ, ಅವರಿಗೇ ಓದಲು ಕೊಟ್ಟು, ಆಮೇಲೆ ಕಳಿಸುತ್ತಿದ್ದೇನೆ.

ಫೋನ್ ನೋಡದ ಹಿರಿಯರಿಗೆ ದಯವಿಟ್ಟು ಮುದ್ರಿಸಿ ಕೊಡಿ. ಅಳತೆ ಎ5, ಅಂದರೆ 148 × 210 ಮಿಲಿಮೀಟರ್. ಒಂದು ಎ4 ಹಾಳೆಯಲ್ಲಿ ಎರಡು ಪ್ರತಿ ಬರುತ್ತವೆ. ಪ್ರಿಂಟ್ ಮಾಡುವಾಗ ಅಳತೆ ಶೇ. 100 ಇರಲಿ, ಕಡಿಮೆ ಮಾಡಿದರೆ ಅವರಿಗೆ ಓದಲು ಕಷ್ಟ. ಕೊಡುವಾಗ ಅರಿಶಿನ ಕುಂಕುಮ ಹಚ್ಚಿ, ನಮ್ಮ ಪರವಾಗಿ ಬಾಯ್ತುಂಬ ಕರೆಯಿರಿ.

— ಸುಹಾಸ